ಪಿಎಚ್.ಡಿ. ಶಿಫಾರಸು ಪತ್ರ: ಹೊಗಳಿಕೆ ಬಿಟ್ಟು ಕಂಡದ್ದನ್ನು ಬರೆಯುವುದು ಹೇಗೆ?

ಪ್ರಶ್ನೆ: ರಸಾಯನಶಾಸ್ತ್ರ ವಿಭಾಗದಲ್ಲಿ ಪಾಠ ಮಾಡುತ್ತಿದ್ದೇನೆ. ನನ್ನ ಬಳಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡಿದ ವಿದ್ಯಾರ್ಥಿನಿ ಪಿಎಚ್.ಡಿ.ಗೆ ಅರ್ಜಿ ಹಾಕುತ್ತಿದ್ದಾಳೆ. ‘ಶ್ರಮಜೀವಿ, ಪ್ರಾಮಾಣಿಕಳು, ಸಂಶೋಧನೆಗೆ ತಕ್ಕ ಬುದ್ಧಿ ಇದೆ’ ಎಂದೆಲ್ಲ ಒಂದು ಪುಟ ಬರೆದೆ. ಓದಿ ನೋಡಿದರೆ, ಹೆಸರು ಬದಲಿಸಿ ಯಾರಿಗೆ ಬೇಕಾದರೂ ಕೊಡಬಹುದು. ಭೌತ ರಸಾಯನದಲ್ಲಿ ಅವಳ ಅಂಕ ಕಡಿಮೆ. ಅದನ್ನು ಹೇಳಬೇಕೆ ಎಂದೂ ತಿಳಿಯದು. ಒಮ್ಮೆ ನಮ್ಮ ವೇಗವರ್ಧಕದ ಒಳ್ಳೆಯ ಫಲಿತಾಂಶವೇ ತಪ್ಪೆಂದು ತೋರಿಸಿದ್ದಳು: ಬೆಳಕಿಲ್ಲದಿದ್ದರೂ ದ್ರಾವಣದ ಬಣ್ಣ ಇಳಿಯುತ್ತಿತ್ತು. ಅದನ್ನು ಬರೆದರೆ ನಮ್ಮ ಪ್ರಯೋಗಾಲಯದ ಹುಳುಕನ್ನು ನಾವೇ ಹೇಳಿಕೊಂಡಂತಾಗುತ್ತದೆ ಎಂದು ಬಿಟ್ಟುಬಿಟ್ಟೆ. ನಂಬುವಂಥ ಪತ್ರ ಹೇಗೆ ಬರೆಯಲಿ?

ಉತ್ತರ: ಬಿಟ್ಟದ್ದನ್ನೇ ಬರೆಯಿರಿ. ಬರೆದಿಟ್ಟಿರುವ ಪುಟದಲ್ಲಿ ಮುಕ್ಕಾಲು ಪಾಲನ್ನು ಹೊಡೆದುಹಾಕಿ.

ಪ್ರವೇಶ ಸಮಿತಿಯಲ್ಲಿ ಕೂತು ಇಂಥ ಪತ್ರಗಳನ್ನು ಓದುವ ಕೆಲಸ ನನಗೆ ಬಹಳ ವರ್ಷಗಳಿಂದ ಅಂಟಿಕೊಂಡಿದೆ. ಓದುವವರ ಮುಂದೆ ಆಗಲೇ ಅಂಕಪಟ್ಟಿ ಇರುತ್ತದೆ, ಅಭ್ಯರ್ಥಿಯೇ ಬರೆದ ಉದ್ದೇಶ ಪತ್ರ ಇರುತ್ತದೆ, ಸಾಮಾನ್ಯವಾಗಿ ಇನ್ನಿಬ್ಬರ ಶಿಫಾರಸೂ ಇರುತ್ತದೆ. ಒಂದು ಪತ್ರಕ್ಕೆ ಸಿಗುವುದು ಕೆಲವೇ ನಿಮಿಷ. ಎಲ್ಲ ಪತ್ರಗಳೂ ಹೊಗಳುತ್ತವೆ. ಹಾಗಾಗಿ ‘ಶ್ರಮಜೀವಿ’ ಎಂಬಲ್ಲಿ ಕಣ್ಣು ನಿಲ್ಲುವುದೇ ಇಲ್ಲ, ಮುಂದಿನ ಸಾಲಿಗೆ ಜಾರುತ್ತದೆ. ನಾವು ಹುಡುಕುತ್ತಿರುವುದು ಬೇರೆ ಯಾವ ಕಾಗದದಲ್ಲೂ ಸಿಗದ ಒಂದು ಸಂಗತಿಯನ್ನು: ಲೆಕ್ಕಾಚಾರ ಕೈಕೊಟ್ಟ ದಿನ ಈ ಅಭ್ಯರ್ಥಿ ಏನು ಮಾಡುತ್ತಾನೆ ಅಥವಾ ಮಾಡುತ್ತಾಳೆ? ಪಿಎಚ್.ಡಿ. ಎಂದರೆ ಬಹುಪಾಲು ಅಂಥ ದಿನಗಳೇ. ಅದನ್ನು ಹತ್ತಿರದಿಂದ ಕಂಡವರು ನೀವೊಬ್ಬರೇ.

ನಿಮ್ಮ ವಿದ್ಯಾರ್ಥಿನಿಯ ಘಟನೆಯನ್ನು ಬಿಡಿಸಿ ನೋಡೋಣ. ಬೆಳಕು ಬಿದ್ದಾಗ ಬಣ್ಣದ ಅಣುಗಳನ್ನು ಒಡೆಯುವ ವೇಗವರ್ಧಕದ ಪರೀಕ್ಷೆ ನಿಮಗೆ ಗೊತ್ತಿರುವುದೇ. ಮೆಥಿಲೀನ್ ಬ್ಲೂ ದ್ರಾವಣಕ್ಕೆ ಪುಡಿ ಹಾಕಿ, ದೀಪ ಉರಿಸಿ, ಆಗಾಗ ಸ್ವಲ್ಪ ದ್ರಾವಣ ತೆಗೆದು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 664 ನ್ಯಾನೋಮೀಟರಿನ ಹತ್ತಿರ ಎಷ್ಟು ಬೆಳಕು ಹೀರಲ್ಪಡುತ್ತದೆ ಎಂದು ಅಳೆಯುತ್ತೇವೆ. ತೊಡಕು ಏನೆಂದರೆ, ಆ ಯಂತ್ರ ದ್ರಾವಣದಲ್ಲಿ ಉಳಿದ ಬಣ್ಣವನ್ನಷ್ಟೇ ಹೇಳುತ್ತದೆ. ಹೋದ ಬಣ್ಣ ಒಡೆದು ಹೋಯಿತೋ ಅಥವಾ ಪುಡಿಯ ಮೈಗೆ ಅಂಟಿಕೊಂಡು ಕೂತಿತೋ ಎಂಬುದು ಅದಕ್ಕೆ ತಿಳಿಯದು. ಅದಕ್ಕೇ ದೀಪ ಹಚ್ಚುವ ಮೊದಲು ಕತ್ತಲಲ್ಲಿ ಕಲಕಿ, ಅಂಟಿಕೊಳ್ಳುವಷ್ಟು ಅಂಟಿಕೊಳ್ಳಲಿ ಎಂದು ಕಾಯುವ ರೂಢಿ. ಬಹಳ ಕಡೆ ಅದು ಅರ್ಧ ಗಂಟೆ. ಪುಡಿಯಲ್ಲಿ ಸೂಕ್ಷ್ಮ ರಂಧ್ರಗಳು ಹೆಚ್ಚಿದ್ದರೆ ಅರ್ಧ ಗಂಟೆ ಸಾಲದು. ಆಗ ಅಂಟಿಕೊಂಡದ್ದೆಲ್ಲ ಬೆಳಕಿನ ಲೆಕ್ಕಕ್ಕೆ ಜಮೆಯಾಗುತ್ತದೆ, ಫಲಿತಾಂಶ ಹೊಳೆಯುತ್ತದೆ. ನಿಮ್ಮಲ್ಲಿ ನಡೆದದ್ದೂ ಇದೇ ಎಂದುಕೊಂಡಿದ್ದೇನೆ.

ಇದನ್ನು ಆಧರಿಸಿ ಪತ್ರದ ನಡುಭಾಗವನ್ನು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಅಂಕಿಗಳು ನನ್ನ ಊಹೆ. ನಿಮ್ಮವನ್ನು ದಾಖಲೆಯಿಂದ ತೆಗೆದು ಹಾಕಿಕೊಳ್ಳಿ.

> ‘ನಾವು ತಯಾರಿಸಿದ ಹೊಸ ಟೈಟಾನಿಯಂ ಡೈಆಕ್ಸೈಡ್ ಪುಡಿ ಒಂದು ಗಂಟೆಯ ಬೆಳಕಿನಲ್ಲಿ ಬಣ್ಣವನ್ನು ಶೇ 82ರಷ್ಟು ಇಳಿಸುತ್ತಿತ್ತು. ಆ ಅಂಕಿಯನ್ನು ನಾನು ಒಪ್ಪಿದ್ದೆ. ಆದರೆ ದೀಪ ಹಚ್ಚುವ ಕ್ಷಣದ ಮೊದಲ ಅಳತೆಗಳು ದಿನದಿಂದ ದಿನಕ್ಕೆ ಹೊಂದುತ್ತಿಲ್ಲ ಎಂಬುದನ್ನು ಈಕೆ ಗಮನಿಸಿದಳು: ದೀಪ ತಡವಾಗಿ ಹಚ್ಚಿದ ದಿನ ಬಣ್ಣ ಮೊದಲೇ ಕಡಿಮೆ ಇರುತ್ತಿತ್ತು. ಯಾರೂ ಹೇಳದೆಯೇ ಒಂದು ಬೀಕರನ್ನು ಮೂರು ಗಂಟೆ ಪೂರ್ತಿ ಕತ್ತಲಲ್ಲಿಟ್ಟು 15 ನಿಮಿಷಕ್ಕೊಮ್ಮೆ ಅಳೆದಳು. ಬಣ್ಣ ಎರಡು ಗಂಟೆಯವರೆಗೂ ಇಳಿಯುತ್ತಲೇ ಇತ್ತು. ನಮ್ಮ ಕ್ರಮದಲ್ಲಿ ಕಾಯುತ್ತಿದ್ದದ್ದು ಅರ್ಧ ಗಂಟೆ ಮಾತ್ರ. ಎರಡೂ ಗ್ರಾಫ್‌ಗಳನ್ನು ಒಂದೇ ಹಾಳೆಯಲ್ಲಿ ಹಾಕಿ ನನ್ನ ಮುಂದಿಟ್ಟಳು. ಹಿಂದಿನ ಅಳತೆಗಳನ್ನೆಲ್ಲ ಮತ್ತೆ ಮಾಡಲು ಮೂರು ವಾರ ಹಿಡಿಯಿತು; ಅಂಕಿ ಶೇ 47ಕ್ಕೆ ಇಳಿಯಿತು. ಆಕೆಯ ಪ್ರಾಜೆಕ್ಟ್ ವರದಿಯಲ್ಲಿರುವುದು ಈ ಎರಡನೆಯ ಅಂಕಿ. ಈಗ ನಮ್ಮಲ್ಲಿ ಪ್ರತಿ ಹೊಸ ಪುಡಿಗೂ ಕತ್ತಲೆಯ ಅವಧಿ ಎಷ್ಟು ಬೇಕೆಂದು ಮೊದಲು ಅಳೆದೇ ಮುಂದುವರಿಯುತ್ತೇವೆ.’

ಇದರಲ್ಲಿ ಒಂದೂ ಗುಣವಾಚಕವಿಲ್ಲ. ಆದರೂ ಓದಿದವರಿಗೆ ಆಕೆ ಪ್ರಾಮಾಣಿಕಳೋ, ಶ್ರಮಜೀವಿಯೋ, ಸ್ವಂತ ಬುದ್ಧಿಯವಳೋ ಎಂದು ಕೇಳುವ ಅಗತ್ಯ ಬೀಳುವುದಿಲ್ಲ. ಗಮನಿಸಬೇಕಾದದ್ದು ಇದರ ಕಟ್ಟಡ: ಮೊದಲು ಏನು ನಿರೀಕ್ಷೆ ಇತ್ತು, ಆಕೆಯ ಕಣ್ಣಿಗೆ ಬಿದ್ದದ್ದು ಯಾವ ಸಣ್ಣ ಅಪಸ್ವರ, ಪರೀಕ್ಷಿಸಲು ಏನು ಮಾಡಿದಳು, ಅದರಿಂದ ಆಕೆಗಾದ ನಷ್ಟವೇನು, ಕೊನೆಗೆ ಏನು ಬದಲಾಯಿತು. ಇವುಗಳಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ನಷ್ಟವನ್ನು. ಶೇ 82 ಎಂಬ ಸುಂದರ ಅಂಕಿಯನ್ನು ಕೈಬಿಟ್ಟು ಮೂರು ವಾರ ಮತ್ತೆ ದುಡಿದಳು ಎಂಬ ಮಾತಿನಲ್ಲಿ ಪ್ರಾಮಾಣಿಕತೆಗೆ ಒಂದು ಬೆಲೆ ನಿಗದಿಯಾಗುತ್ತದೆ. ಬೆಲೆ ತೆರದ ಪ್ರಾಮಾಣಿಕತೆಯನ್ನು ಯಾರೂ ಅಳೆಯಲಾರರು.

ಪ್ರಯೋಗಾಲಯದ ಹುಳುಕು ಹೊರಬೀಳುತ್ತದೆ ಎಂಬ ನಿಮ್ಮ ಅಳುಕಿನ ಬಗ್ಗೆ ಹೇಳುವುದಾದರೆ, ಓದುವವರೂ ಪ್ರಯೋಗಾಲಯ ನಡೆಸುವವರೇ. ತನ್ನ ಒಪ್ಪಿಗೆಯನ್ನು ವಿದ್ಯಾರ್ಥಿನಿ ತಿದ್ದಿದಳು ಎಂದು ಬರೆಯುವ ಮೇಷ್ಟರನ್ನು ಅವರು ನಂಬುತ್ತಾರೆ, ಆ ನಂಬಿಕೆ ಪತ್ರದ ಉಳಿದ ಸಾಲುಗಳಿಗೂ ಹರಡುತ್ತದೆ. ಆ ಫಲಿತಾಂಶ ಎಲ್ಲಾದರೂ ಪ್ರಕಟವಾಗಿದ್ದರೆ ಮಾತ್ರ ವಿಷಯ ಬೇರೆ. ಆಗ ಮೊದಲು ತಿದ್ದುಪಡಿ ಕಳಿಸಿ, ಪತ್ರ ಆಮೇಲೆ.

ಬರೆಯುವ ಮೊದಲು ಆಕೆಯ ಪ್ರಯೋಗಾಲಯದ ನೋಟ್‌ಬುಕ್ ತರಿಸಿಕೊಂಡು ಆ ವಾರಗಳ ಪುಟಗಳನ್ನು ನೋಡಿ. ನೆನಪು ಘಟನೆಯನ್ನು ನುಣುಪು ಮಾಡಿಬಿಡುತ್ತದೆ. ಕತ್ತಲೆಯ ಪರೀಕ್ಷೆ ಮಾಡು ಎಂದು ಸೂಚಿಸಿದ್ದು ನಿಮ್ಮ ಹಿರಿಯ ಸಂಶೋಧನಾ ವಿದ್ಯಾರ್ಥಿ ಆಗಿದ್ದರೆ ಹಾಗೆಂದೇ ಬರೆಯಿರಿ. ಅಳತೆಗಳ ಅಪಸ್ವರವನ್ನು ಗುರುತಿಸಿದ್ದು ಈಕೆ ಎಂಬ ಶ್ರೇಯಸ್ಸು ಆಗಲೂ ಉಳಿಯುತ್ತದೆ. ಎಲ್ಲವನ್ನೂ ಒಬ್ಬಳ ತಲೆಗೆ ಕಟ್ಟಿದ ಪತ್ರ ಅನುಭವಿಗಳಿಗೆ ಗೊತ್ತಾಗುತ್ತದೆ, ಏಕೆಂದರೆ ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಎಲ್ಲವೂ ಒಬ್ಬರದೇ ಆಗಿರುವುದು ಅಪರೂಪ. ತಾಂತ್ರಿಕ ವಿವರವೂ ಇಷ್ಟೇ ಸಾಕು. ಓದುವವರಲ್ಲಿ ಒಬ್ಬರು ಸಾವಯವ ರಸಾಯನದವರು, ಇನ್ನೊಬ್ಬರು ಸಿದ್ಧಾಂತದವರು ಇರಬಹುದು. ದೀಪದ ವ್ಯಾಟು, ಪುಡಿಯ ತೂಕ ಅವರಿಗೆ ಬೇಡ.

ಈಗ ಹೋಲಿಕೆ. ಘಟನೆ ಎಷ್ಟೇ ಚೆನ್ನಾಗಿದ್ದರೂ ಓದುವವರಿಗೆ ಒಂದು ಅನುಮಾನ ಉಳಿಯುತ್ತದೆ: ಈ ಮೇಷ್ಟರ ಎಲ್ಲ ವಿದ್ಯಾರ್ಥಿಗಳೂ ಹೀಗೆಯೇ ಏನೋ? ಅದಕ್ಕೆ ನೀವು ಕೊಡಬೇಕಾದದ್ದು ಒಟ್ಟು ಎಷ್ಟು ಜನರನ್ನು ನೋಡಿ ಹೇಳುತ್ತಿದ್ದೀರಿ ಎಂಬ ಲೆಕ್ಕ. ‘ನನ್ನ ವೃತ್ತಿಜೀವನದಲ್ಲೇ ಕಂಡ ಅತ್ಯುತ್ತಮ ವಿದ್ಯಾರ್ಥಿಗಳಲ್ಲಿ ಒಬ್ಬಳು’ ಎಂಬ ಸಾಲು ಪ್ರತಿ ಎರಡನೆಯ ಪತ್ರದಲ್ಲಿರುತ್ತದೆ, ಏನೂ ಹೇಳುವುದಿಲ್ಲ. ಅದರ ಬದಲು, ‘ಆರು ವರ್ಷಗಳಲ್ಲಿ 14 ಮಂದಿ ನನ್ನ ಬಳಿ ಪ್ರಾಜೆಕ್ಟ್ ಮಾಡಿದ್ದಾರೆ. ಪ್ರಯೋಗವನ್ನು ತಾನಾಗಿಯೇ ರೂಪಿಸುವುದರಲ್ಲಿ ಈಕೆಯೂ ಇನ್ನೊಬ್ಬನೂ ಉಳಿದವರಿಗಿಂತ ಸ್ಪಷ್ಟವಾಗಿ ಮುಂದಿದ್ದಾರೆ. ಆ ಇನ್ನೊಬ್ಬ ಈಗ ಪಿಎಚ್.ಡಿ.ಯ ಮೂರನೆಯ ವರ್ಷದಲ್ಲಿದ್ದಾನೆ’ ಎಂದು ಬರೆದು ನೋಡಿ. ಹದಿನಾಲ್ಕು ಸಣ್ಣ ಸಂಖ್ಯೆ ಎಂದು ನಾಚುವುದು ಬೇಡ. ನೀವು ಕಿರಿಯ ಅಧ್ಯಾಪಕರೆಂದು ಓದುವವರಿಗೆ ಲೆಟರ್‌ಹೆಡ್ ನೋಡಿದಾಗಲೇ ತಿಳಿದಿರುತ್ತದೆ. ಯಾವ ವಿಷಯದಲ್ಲಿ ಮುಂದು ಎಂಬುದನ್ನು ಬಿಡದೆ ಹೇಳಿ. ಎಲ್ಲದರಲ್ಲೂ ಮುಂದು ಎಂದರೆ ಯಾವುದರಲ್ಲೂ ನೋಡಿಲ್ಲ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ.

ಇದೇ ಲೆಕ್ಕ ಆನ್‌ಲೈನ್ ಅರ್ಜಿಯ ಚೌಕಗಳಲ್ಲಿ ಬಹಳ ಮಂದಿಯ ಕಾಲು ಜಾರಿಸುತ್ತದೆ. ಪತ್ರದ ಜೊತೆಗೆ ಒಂದು ಪಟ್ಟಿ ಬರುತ್ತದೆ: ಬುದ್ಧಿಶಕ್ತಿ, ಸ್ವಂತಿಕೆ, ಬರವಣಿಗೆ, ಬೋಧನಾ ಸಾಮರ್ಥ್ಯ, ಪ್ರತಿಯೊಂದಕ್ಕೂ ಮೇಲಿನ ಶೇ 1, ಶೇ 5, ಶೇ 10, ಶೇ 25 ಎಂಬಂಥ ಆಯ್ಕೆಗಳು. ಸಲೀಸಾಗಿ ಎಲ್ಲದಕ್ಕೂ ಶೇ 1 ಒತ್ತಿಬಿಡುತ್ತೇವೆ. ಆದರೆ 14 ಜನರಲ್ಲಿ ಮೊದಲನೆಯವಳೇ ಆದರೂ ಅದು ಸುಮಾರು ಶೇ 7. ಪತ್ರದಲ್ಲಿ ಹದಿನಾಲ್ಕು ಎಂದು ಬರೆದು ಪಟ್ಟಿಯಲ್ಲಿ ಶೇ 1 ಎಂದರೆ ಎರಡರಲ್ಲಿ ಒಂದು ಸುಳ್ಳು. ತರಗತಿಯಲ್ಲಿ ಪಾಠ ಮಾಡಿದ ನೂರಾರು ವಿದ್ಯಾರ್ಥಿಗಳನ್ನೂ ಸೇರಿಸಿ ಲೆಕ್ಕ ಹಾಕುತ್ತೀರಾದರೆ ಹಾಕಿ, ಆದರೆ ಅದನ್ನು ಪತ್ರದಲ್ಲಿ ಹೇಳಿ. ಆಕೆ ಪಾಠ ಮಾಡಿದ್ದನ್ನು ನೀವು ನೋಡಿಯೇ ಇಲ್ಲದಿದ್ದರೆ ‘ಹೇಳಲು ಆಧಾರವಿಲ್ಲ’ ಎಂಬ ಚೌಕವನ್ನು ಒತ್ತಿ. ಅದು ಆಕೆಗೆ ಕೆಡುಕು ಮಾಡುವುದಿಲ್ಲ. ಉಳಿದ ಚೌಕಗಳನ್ನು ನೀವು ಯೋಚಿಸಿ ಒತ್ತಿದ್ದೀರಿ ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ಭೌತ ರಸಾಯನದ ಅಂಕಕ್ಕೆ ಬರೋಣ. ಅಂಕಪಟ್ಟಿ ಅವರ ಮುಂದೆಯೇ ಇದೆ, ನೀವು ಮುಚ್ಚಿಟ್ಟರೂ ಕಾಣುತ್ತದೆ. ಕಡಿಮೆ ಅಂಕದ ಬಗ್ಗೆ ನಿಮ್ಮ ಹತ್ತಿರ ಸ್ವಂತ ಸಾಕ್ಷ್ಯ ಇದ್ದರೆ ಮಾತ್ರ ಬಾಯಿ ತೆರೆಯಿರಿ. ಇಲ್ಲಿ ಇರುವಂತೆ ಕಾಣುತ್ತದೆ, ಏಕೆಂದರೆ ಬಣ್ಣ ಇಳಿಯುವ ದರವನ್ನು ಲೆಕ್ಕ ಹಾಕುವುದೇ ಭೌತ ರಸಾಯನ. ಈ ಕೆಲಸದಲ್ಲಿ ಸಾಮಾನ್ಯವಾಗಿ ಸಾಂದ್ರತೆಯ ಅನುಪಾತದ ಲಾಗರಿತಮ್ಮನ್ನು ಕಾಲದ ಎದುರು ಗುರುತಿಸಿ, ಸರಳರೇಖೆ ಎಳೆದು, ಅದರ ಇಳಿಜಾರಿನಿಂದ ದರ ಸ್ಥಿರಾಂಕ ತೆಗೆಯುತ್ತಾರೆ. ಅಂಟಿಕೊಳ್ಳುವಿಕೆ ಮುಗಿಯದೆ ದೀಪ ಹಚ್ಚಿದ್ದರೆ ಮೊದಲ ಕೆಲವು ಬಿಂದುಗಳು ರೇಖೆಯಿಂದ ಹೊರಗುಳಿಯುವ ಸಂಭವವಿರುತ್ತದೆ. ಅವನ್ನು ಅಳತೆಯ ದೋಷವೆಂದು ತಳ್ಳಿಬಿಡುವುದು ಸುಲಭ. ಆಕೆ ತಳ್ಳದೆ ಕಾರಣ ಕೇಳಿದ್ದರೆ, ಒಂದೇ ಸಾಲು ಸಾಕು: ‘ಭೌತ ರಸಾಯನದ ಪತ್ರಿಕೆಯಲ್ಲಿ ಈಕೆಯ ಅಂಕ ಕಡಿಮೆ ಇದೆ, ಆದರೆ ಅದೇ ವಿಷಯದ ದರ ಲೆಕ್ಕಾಚಾರವನ್ನು ಪ್ರಾಜೆಕ್ಟಿನಲ್ಲಿ ಈಕೆ ಸ್ವತಃ ಮಾಡಿದ್ದಾಳೆ, ರೇಖೆಗೆ ಹೊಂದದ ಬಿಂದುಗಳಿಗೆ ಸರಿಯಾದ ವಿವರಣೆಯನ್ನೂ ಕೊಟ್ಟಿದ್ದಾಳೆ.’ ಆಕೆ ಹಾಗೆ ಮಾಡಿರದಿದ್ದರೆ ಅಂಕದ ಮಾತನ್ನೇ ಎತ್ತಬೇಡಿ. ಆ ಸೆಮಿಸ್ಟರಿನಲ್ಲಿ ಅನಾರೋಗ್ಯವೋ ಮನೆಯ ಕಷ್ಟವೋ ಇತ್ತು ಎಂದು ನಿಮಗೆ ಗೊತ್ತಿದ್ದರೂ ಆಕೆಯ ಒಪ್ಪಿಗೆ ಇಲ್ಲದೆ ಬರೆಯಕೂಡದು. ಅದನ್ನು ಹೇಳುವುದೋ ಬಿಡುವುದೋ ಆಕೆಗೆ ಸೇರಿದ್ದು.

ಒಂದು ನಿಜವಾದ ಮಿತಿಯನ್ನು ಬರೆಯುವುದು ಒಳ್ಳೆಯದು, ಆದರೆ ಅದು ನಿಜವಾಗಿರಬೇಕು. ‘ಅತಿಯಾಗಿ ದುಡಿಯುತ್ತಾಳೆ’ ಎಂಬುದು ದೋಷದ ವೇಷ ಹಾಕಿದ ಹೊಗಳಿಕೆ. ಓದಿದರೆ ನಗು ಬರುತ್ತದೆ. ‘ಮೊದಲ ಸೆಮಿನಾರಿನಲ್ಲಿ ತನ್ನ ಕೆಲಸವನ್ನು ಹೊರಗಿನವರಿಗೆ ವಿವರಿಸಲು ತಡವರಿಸಿದಳು, ಅಂತಿಮ ಮೌಖಿಕ ಪರೀಕ್ಷೆಯ ಹೊತ್ತಿಗೆ ಬಹಳ ಸುಧಾರಿಸಿದ್ದಳು, ಇನ್ನೂ ಅಭ್ಯಾಸ ಬೇಕು’ ಎಂಬಂಥದ್ದು ನಂಬುವ ಮಾತು. ಪ್ರಯೋಗದ ಶಿಸ್ತು, ದತ್ತಾಂಶದ ನಿಯತ್ತು ಇವುಗಳಲ್ಲೇ ದೋಷವಿದೆ ಎನಿಸಿದರೆ ಪತ್ರವನ್ನೇ ಬರೆಯಬೇಡಿ. ಕೇಳಿದ ದಿನವೇ ‘ಬಲವಾಗಿ ಬರೆಯಲು ನನ್ನಿಂದಾಗದು, ಬೇರೆಯವರನ್ನು ಕೇಳು’ ಎಂದು ಹೇಳಿಬಿಡುವುದು ಸಭ್ಯತೆ.

ಎಷ್ಟೋ ಪತ್ರಗಳು ಬರೆದವರಿಗೇ ತಿಳಿಯದಂತೆ ಅಭ್ಯರ್ಥಿಯ ಕಾಲೆಳೆಯುತ್ತವೆ. ‘ವಿಧೇಯಳು’, ‘ಸಮಯಪಾಲಕಿ’, ‘ಎಲ್ಲರೊಂದಿಗೂ ಹೊಂದಿಕೊಂಡು ಹೋಗುವ ಸ್ವಭಾವ’, ‘ಅವಕಾಶ ಕೊಟ್ಟರೆ ಸಾಧಿಸಬಲ್ಲಳು’ ಇವೆಲ್ಲ ನಮಗೆ ಮೆಚ್ಚುಗೆಯ ಮಾತುಗಳೇ. ಆದರೆ ಸಂಶೋಧನೆಯ ಪತ್ರದಲ್ಲಿ ಇವೇ ಮುಂದೆ ನಿಂತರೆ, ಬೇರೆ ಹೇಳಲು ಏನೂ ಇರಲಿಲ್ಲ ಎಂದಾಗುತ್ತದೆ. ಹುಡುಗಿಯರ ವಿಷಯದಲ್ಲಿ ಇದು ಇನ್ನಷ್ಟು ನಡೆಯುತ್ತದೆ. ಅಮೆರಿಕದ ಒಂದು ವೈದ್ಯಕೀಯ ಶಾಲೆಗೆ ಅಧ್ಯಾಪಕರ ಹುದ್ದೆಗಾಗಿ ಬಂದಿದ್ದ ಮುನ್ನೂರಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಹಿಳೆಯರ ಪತ್ರಗಳು ಸರಾಸರಿಯಲ್ಲಿ ಗಿಡ್ಡವಾಗಿದ್ದವು, ಅನುಮಾನ ಹುಟ್ಟಿಸುವ ಮಾತುಗಳು ಅವುಗಳಲ್ಲಿ ಹೆಚ್ಚಿದ್ದವು ಎಂದು ತೋರಿಸಿತು. ಪರೀಕ್ಷೆ ಸುಲಭ: ನಿಮ್ಮ ಕರಡಿನಲ್ಲಿ ‘ಅವಳು’ ಇರುವಲ್ಲೆಲ್ಲ ‘ಅವನು’ ಎಂದು ಹಾಕಿ ಓದಿ. ಹುಡುಗನ ಬಗ್ಗೆ ಬರೆಯಲು ಕೈ ಬಾರದ ಸಾಲು ಯಾವುದೋ ಅದನ್ನು ತೆಗೆಯಿರಿ.

ಜಾನ್ ನ್ಯಾಶ್ ಪ್ರಿನ್ಸ್‌ಟನ್ನಿಗೆ ಅರ್ಜಿ ಹಾಕಿದಾಗ, 1948ರಲ್ಲಿ, ಅವರ ಅಧ್ಯಾಪಕ ರಿಚರ್ಡ್ ಡಫಿನ್ ಬರೆದ ಪತ್ರವನ್ನು ಯಾರಾದರೂ ನಿಮಗೆ ಉದಾಹರಣೆ ಕೊಡಬಹುದು. ಕೆಲವೇ ಸಾಲುಗಳ ಆ ಪತ್ರ, ಈತ ಗಣಿತದ ಪ್ರತಿಭಾವಂತ ಮೇಧಾವಿ ಎಂಬ ಒಂದು ವಾಕ್ಯದಿಂದ ಮುಗಿಯುತ್ತದೆ. ಓದಲು ಸೊಗಸು. ಆದರೆ ಅಂಥ ವಾಕ್ಯ ನಿಲ್ಲುವುದು ಹೇಳುವವರ ಮಾತಿಗೆ ಓದುವವರಲ್ಲಿ ತೂಕವಿದ್ದಾಗ ಮಾತ್ರ. ನಿಮ್ಮನ್ನು ಅರಿಯದ ಸಮಿತಿಗೆ ನಾನಾಗಲಿ ನೀವಾಗಲಿ ಹಾಗೆ ಬರೆದರೆ ಸೋಮಾರಿಗಳು ಎನ್ನುತ್ತಾರೆ.

ಕರಡನ್ನು ಆಕೆಯಿಂದಲೇ ಬರೆಸಿ ಸಹಿ ಹಾಕುವ ಚಾಳಿ ಎಲ್ಲೆಡೆ ಇದೆ, ದಯವಿಟ್ಟು ಬೇಡ. ತನ್ನ ಬಗ್ಗೆ ತಾನೇ ಬರೆದುಕೊಳ್ಳುವಾಗ ಯಾರೂ ‘ನಮ್ಮ ಮೇಷ್ಟರ ಅಂಕಿ ತಪ್ಪಾಗಿತ್ತು’ ಎಂದು ಬರೆಯುವುದಿಲ್ಲ, ಹದಿನಾಲ್ಕು ಜನರ ಹೋಲಿಕೆಯಂತೂ ಆಕೆಗೆ ತಿಳಿಯುವುದೇ ಇಲ್ಲ. ಮೂರು ಪತ್ರಗಳೂ ಒಂದೇ ಶೈಲಿಯಲ್ಲಿ, ಒಂದೇ ಕಾಗುಣಿತದ ತಪ್ಪಿನೊಂದಿಗೆ ಬಂದದ್ದನ್ನು ಸಮಿತಿಯಲ್ಲಿ ನೋಡಿದ್ದೇವೆ. ಆಮೇಲೆ ಮೂರರಲ್ಲಿ ಒಂದನ್ನೂ ನಂಬುವುದಿಲ್ಲ. ಆಕೆಯಿಂದ ಕೇಳಬೇಕಾದದ್ದು ಸಾಮಗ್ರಿ: ಪ್ರಾಜೆಕ್ಟ್ ವರದಿ, ಉದ್ದೇಶ ಪತ್ರ, ಅರ್ಜಿ ಹಾಕುವ ವಿಭಾಗಗಳ ಪಟ್ಟಿ, ಕೊನೆಯ ದಿನಾಂಕಗಳು. ಜೊತೆಗೆ ಒಂದು ಪ್ರಶ್ನೆ: ‘ಈ ಪ್ರಾಜೆಕ್ಟಿನಲ್ಲಿ ನಿನಗೆ ಅತ್ಯಂತ ಕಷ್ಟವಾದ ವಾರ ಯಾವುದು, ಆಗ ಏನು ಮಾಡಿದೆ?’ ಉತ್ತರದಲ್ಲಿ ನಿಮಗೆ ಗೊತ್ತೇ ಇರದ ಇನ್ನೊಂದು ಘಟನೆ ಸಿಕ್ಕರೂ ಸಿಕ್ಕೀತು. ಸಿಕ್ಕರೆ ನೋಟ್‌ಬುಕ್ಕಿನಲ್ಲಿ ನೋಡಿ ಖಚಿತಪಡಿಸಿಕೊಂಡು ಮಾತ್ರ ಬಳಸಿ.

ಪತ್ರದ ಆರಂಭದಲ್ಲಿ ಆಕೆಯನ್ನು ಎಷ್ಟು ಕಾಲದಿಂದ, ಯಾವ ನೆಲೆಯಲ್ಲಿ ಬಲ್ಲಿರಿ ಎಂಬ ಎರಡು ಸಾಲು ಇರಲಿ: ಎಂಟು ತಿಂಗಳ ಪ್ರಾಜೆಕ್ಟ್, ವಾರಕ್ಕೊಮ್ಮೆ ದತ್ತಾಂಶವನ್ನು ಒಟ್ಟಿಗೆ ಕೂತು ನೋಡಿದ್ದು, ಅಷ್ಟೇ. ನಿಮ್ಮ ವಿಭಾಗದ ಇತಿಹಾಸ, ನಿಮ್ಮ ಪ್ರಕಟಣೆಗಳ ಎಣಿಕೆ ಬೇಡ. ಒಟ್ಟು ಒಂದು ಪುಟಕ್ಕಿಂತ ಹೆಚ್ಚು, ಎರಡು ಪುಟಕ್ಕಿಂತ ಕಡಿಮೆ. ಆಕೆ ಹೋಗಬಯಸುವ ಗುಂಪಿನ ಕೆಲಸ ನಿಮಗೆ ನಿಜವಾಗಿ ಗೊತ್ತಿದ್ದರೆ ಅದಕ್ಕೆ ಆಕೆ ಹೇಗೆ ಹೊಂದುತ್ತಾಳೆ ಎಂಬ ಒಂದು ಸಾಲು ಸೇರಿಸಬಹುದು, ಗೊತ್ತಿಲ್ಲದಿದ್ದರೆ ಬಿಡಿ. ಒಂದೇ ಪತ್ರವನ್ನು ಆರು ಕಡೆಗೆ ಕಳಿಸುವಾಗ ವಿಶ್ವವಿದ್ಯಾಲಯದ ಹೆಸರು ಬದಲಾಗದೆ ಉಳಿಯುವುದು ನೀವಂದುಕೊಂಡದ್ದಕ್ಕಿಂತ ಸಾಮಾನ್ಯ. ಕೊನೆಯ ಸಾಲಿನಲ್ಲಿ ನಿಮ್ಮ ತೀರ್ಪು ನೇರವಾಗಿರಲಿ: ‘ನನ್ನ ಬಳಿಯೇ ಪಿಎಚ್.ಡಿ. ಸ್ಥಾನ ಖಾಲಿ ಇದ್ದಿದ್ದರೆ ಈಕೆಗೇ ಕೊಡುತ್ತಿದ್ದೆ’ ಎಂದು ಮನಸ್ಸಿಟ್ಟು ಹೇಳಬಲ್ಲಿರಾದರೆ ಅದಕ್ಕಿಂತ ಬಲವಾದ ಮುಕ್ತಾಯ ಇಲ್ಲ. ಹೇಳಲಾರಿರಾದರೆ, ಹೇಳಬಲ್ಲಷ್ಟನ್ನು ಹೇಳಿ.

ಗೋಪ್ಯತೆಯ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ 1974ರ ಕಾಯ್ದೆಯೊಂದರ ಪ್ರಕಾರ, ಸೇರಿದ ವಿದ್ಯಾರ್ಥಿಗೆ ತನ್ನ ಕಡತ ನೋಡುವ ಹಕ್ಕಿದೆ. ಅದಕ್ಕೇ ಅಲ್ಲಿನ ಅರ್ಜಿಗಳಲ್ಲಿ, ಶಿಫಾರಸು ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಕೇಳುತ್ತಾರೆ. ಬಿಟ್ಟುಕೊಡು ಎಂದು ಆಕೆಗೆ ಹೇಳಿ, ಏಕೆಂದರೆ ಅಭ್ಯರ್ಥಿ ಓದಬಹುದಾದ ಪತ್ರವನ್ನು ಸಮಿತಿ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪತ್ರವನ್ನು ಆಕೆಗೆ ತೋರಿಸಬೇಕಿಲ್ಲ. ಆದರೆ ಯಾವ ಘಟನೆಯ ಬಗ್ಗೆ ಬರೆದಿದ್ದೀರಿ ಎಂದು ತಿಳಿಸಿ. ಸಂದರ್ಶನಕ್ಕೆ ಕರೆದವರು ಮೊದಲು ಕೇಳುವ ಪ್ರಶ್ನೆ ಅದೇ ಆಗಿರುತ್ತದೆ: ಬಣ್ಣ ಒಡೆಯಿತೋ ಅಂಟಿಕೊಂಡಿತೋ ಎಂದು ಹೇಗೆ ಗೊತ್ತಾಯಿತು, ಎರಡು ಗಂಟೆಯ ನಂತರವೂ ಇಳಿದದ್ದೆಲ್ಲ ಒಡೆದದ್ದೇ ಎಂದು ಹೇಗೆ ಹೇಳುತ್ತೀಯ? ಎರಡನೆಯದಕ್ಕೆ ಉತ್ತರ ಅಷ್ಟು ಸುಲಭವಲ್ಲ. ಮೆಥಿಲೀನ್ ಬ್ಲೂ ಒಡೆಯದೆಯೇ ಬಣ್ಣವಿಲ್ಲದ ರೂಪಕ್ಕೆ ತಿರುಗಬಲ್ಲದು, ಗಾಳಿ ತಾಗಿದರೆ ನೀಲಿ ಮರಳುತ್ತದೆ. ಆಕೆ ಅದನ್ನು ಓದಿಕೊಂಡು ಹೋಗಲಿ.